ಬೆವರಿಗೆ ಯಾವ ಪುಡಿ? ಅರ್ಧ ಚಮಚ ಉಪ್ಪಿನ ಲೆಕ್ಕ

ಶ್ರೀನಿವಾಸಪುರದಲ್ಲಿ ಮೇ ತಿಂಗಳು ಅಂದರೆ ಮಾವು. ಬೆಳಗ್ಗೆ ಏಳಕ್ಕೇ ತೋಟಗಳಲ್ಲಿ ಕಾಯಿ ಕೀಳುವವರು, ಮಧ್ಯಾಹ್ನ ಮಂಡಿಗಳಲ್ಲಿ ಕ್ರೇಟ್ ಹೊರುವವರು, ಸಂಜೆವರೆಗೂ ಲಾರಿಗೆ ಲೋಡ್ ಮಾಡುವವರು. ನಾನು ಇಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಆ ತಿಂಗಳು ನನ್ನ ಅಂಗಡಿಯಲ್ಲಿ ಜಾಸ್ತಿ ಕೇಳಿಬರುವ ಮಾತು ಇದು: "ಅಣ್ಣಾ, ಸುಸ್ತು ಆಗ್ತಿದೆ, ಒಂದು ಗ್ಲೂಕೋಸ್ ಡಬ್ಬ ಕೊಡಿ."

ಕೇಳುವವರ ಅಂಗಿ ನೋಡಿದರೆ ಸಾಕು, ಏನು ಹೋಗಿದೆ ಅಂತ ಗೊತ್ತಾಗುತ್ತದೆ. ಬೆನ್ನ ಮೇಲೆ, ಕಂಕುಳ ಹತ್ತಿರ ಬಿಳಿ ಗೆರೆ ಗೆರೆಯಾಗಿ ಒಣಗಿರುತ್ತದೆ. ಅದು ಉಪ್ಪು. ಬೆವರಿನ ನೀರು ಆರಿಹೋಗಿ ಉಪ್ಪು ಬಟ್ಟೆಯಲ್ಲೇ ಉಳಿದಿದೆ. ಅವರ ಮೈಯಿಂದ ಹೋಗಿರುವುದು ನೀರು ಮತ್ತು ಉಪ್ಪು, ಅವರು ಕೇಳುತ್ತಿರುವುದು ಸಕ್ಕರೆ. ಗ್ಲೂಕೋಸ್ ಪುಡಿ ಅಂದರೆ ಬಹುತೇಕ ಬರೀ ಗ್ಲೂಕೋಸ್, ಅದರಲ್ಲಿ ಉಪ್ಪಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುಡಿದ ತಕ್ಷಣ ಒಂದು ಚೂರು ಚೈತನ್ಯ ಬಂದ ಹಾಗೆ ಅನ್ನಿಸುವುದು ನಿಜ, ಯಾಕೆಂದರೆ ಸಕ್ಕರೆ ರಕ್ತಕ್ಕೆ ಬೇಗ ಸೇರುತ್ತದೆ. ಆದರೆ ಹೋದ ಉಪ್ಪು ವಾಪಸ್ ಬಂದಿರುವುದಿಲ್ಲ.

ಈ ಲೆಕ್ಕ ಅರ್ಥವಾಗಬೇಕಾದರೆ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳಿ. ಒಂದು ಲೀಟರ್ ಬೆವರಿನಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಸುಮಾರು 1000 ಮಿಲಿಗ್ರಾಂ ಹೋಗುತ್ತದೆ. ಇದು ಸರಾಸರಿ. ಕೆಲವರ ಬೆವರಿನಲ್ಲಿ ಇದರ ಅರ್ಧವೂ ಇರುವುದಿಲ್ಲ, ಕೆಲವರದ್ದರಲ್ಲಿ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ, ಅಂಗಿಯ ಮೇಲೆ ದಪ್ಪ ಬಿಳಿ ಗೆರೆ ಬೀಳುವುದು ಈ ಎರಡನೇ ಗುಂಪಿನವರಿಗೆ. ಬಿಸಿಲಿಗೆ ಹೊಸಬರಾದವರಿಗೂ ಜಾಸ್ತಿ ಉಪ್ಪು ಹೋಗುತ್ತದೆ. ಒಂದೆರಡು ವಾರ ಬಿಸಿಲಲ್ಲಿ ದುಡಿದ ಮೇಲೆ ಮೈ ತಾನೇ ಉಪ್ಪು ಉಳಿಸಿಕೊಳ್ಳುವುದನ್ನು ಕಲಿಯುತ್ತದೆ, ಬೆವರು ಹೆಚ್ಚಾದರೂ ಅದರ ಉಪ್ಪು ಕಡಿಮೆಯಾಗುತ್ತದೆ. ಅದಕ್ಕೇ ಸೀಸನ್‌ನ ಮೊದಲ ವಾರ ಬಿದ್ದಷ್ಟು ಜನ ಮೂರನೇ ವಾರ ಬೀಳುವುದಿಲ್ಲ.

ಪೊಟ್ಯಾಸಿಯಂ ಬಗ್ಗೆಯೂ ಕೇಳುತ್ತಾರೆ. ಬೆವರಿನಲ್ಲಿ ಅದು ಹೋಗುವುದು ತುಂಬಾ ಕಡಿಮೆ. ಊಟದ ಬೇಳೆ, ಸೊಪ್ಪು, ಬಾಳೆಹಣ್ಣಿನಲ್ಲೇ ತುಂಬಿಕೊಳ್ಳುತ್ತದೆ. ಹಾಗಾಗಿ ಬೆವರಿನ ವಿಷಯದಲ್ಲಿ ನೋಡಬೇಕಾದದ್ದು ಸೋಡಿಯಂ ಒಂದೇ.

ಈಗ ಅಂಗಡಿಯ ಕಪಾಟಿಗೆ ಬರೋಣ. ಅಲ್ಲಿ ಮೂರು ಬಗೆಯ ಸಾಮಾನು ಅಕ್ಕಪಕ್ಕ ಇರುತ್ತವೆ, ಮೂರರ ಮೇಲೂ ಕಿತ್ತಳೆ ಅಥವಾ ನಿಂಬೆಹಣ್ಣಿನ ಚಿತ್ರ, ಮೂರೂ ನೀರಿಗೆ ಹಾಕುವ ಪುಡಿ. ಒಂದು, ಈಗ ಹೇಳಿದ ಗ್ಲೂಕೋಸ್. ಇನ್ನೊಂದು ಓಆರ್‌ಎಸ್ ಪ್ಯಾಕೆಟ್. ಮೂರನೆಯದು ಈಚೆಗೆ ಜಾಸ್ತಿಯಾಗಿರುವ ಎಲೆಕ್ಟ್ರೊಲೈಟ್ ಪುಡಿ, ನೀರಿಗೆ ಹಾಕಿದರೆ ಬುಸುಬುಸು ಅನ್ನುವ ಮಾತ್ರೆಗಳೂ ಇದೇ ಜಾತಿ.

ಓಆರ್‌ಎಸ್‌ನಲ್ಲಿ ಗೊಂದಲ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸಿಟ್ರೇಟಿನಲ್ಲೂ ಸೋಡಿಯಂ ಇರುವುದರಿಂದ ಎಲ್ಲ ಸೇರಿ ಲೀಟರಿಗೆ ಸುಮಾರು 1700 ಮಿಲಿಗ್ರಾಂ ಸೋಡಿಯಂ ಆಗುತ್ತದೆ. ಬೆವರಿನ 1000ಕ್ಕೆ ಹೋಲಿಸಿ ನೋಡಿ, ಜಾಸ್ತಿಯೇ ಅಲ್ವಾ? ಯಾಕೆಂದರೆ ಇದನ್ನು ಮಾಡಿದ್ದು ಬೆವರಿಗಲ್ಲ, ಭೇದಿಗೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಖಾಲಿಯಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಕಾಲರಾದಲ್ಲಿ ಹೊಟ್ಟೆಯಿಂದ ಹೋಗುವ ನೀರಿನಲ್ಲಿ ಬೆವರಿಗಿಂತ ತುಂಬಾ ಜಾಸ್ತಿ ಉಪ್ಪು ಇರುತ್ತದೆ.

ಭೇದಿಯಲ್ಲಿ ಸಕ್ಕರೆಗೂ ಒಂದು ದೊಡ್ಡ ಕೆಲಸ ಇದೆ. ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಒಂದು ಬಗೆಯ ಬಾಗಿಲು ಇದೆ ಅಂದುಕೊಳ್ಳಿ. ಅದು ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ತೆರೆಯುತ್ತದೆ, ಅವು ಒಳಗೆ ಹೋದಾಗ ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಲ್ಲಿ ಬೇರೆ ದಾರಿಗಳು ಕೆಟ್ಟರೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ, ಓಆರ್‌ಎಸ್ ನಿಂತಿರುವುದೇ ಇದರ ಮೇಲೆ. ಆದರೆ ಬೆವರು ಸುರಿಸುತ್ತಿರುವ ಮನುಷ್ಯನ ಕರುಳು ಚೆನ್ನಾಗಿಯೇ ಇರುತ್ತದೆ. ಅವನಿಗೆ ಸಕ್ಕರೆ ಇದ್ದರೆ ಒಳ್ಳೆಯದು, ರುಚಿಗೆ, ಸ್ವಲ್ಪ ಶಕ್ತಿಗೆ. ಇಲ್ಲದಿದ್ದರೂ ಉಪ್ಪು ನೀರು ಒಳಗೆ ಹೋಗುತ್ತದೆ. ಈ ವ್ಯತ್ಯಾಸ ಸಕ್ಕರೆ ಕಾಯಿಲೆ ಇರುವವರಿಗೆ ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಹಾಗಾದರೆ ದುಡಿಯುವವರು ಓಆರ್‌ಎಸ್ ಕುಡಿಯಬಾರದಾ? ಆರೋಗ್ಯವಂತರು ಒಂದು ಲೀಟರ್ ಕುಡಿದರೆ ಏನೂ ತೊಂದರೆ ಇಲ್ಲ. ಆದರೆ ನೀರಿನ ಬದಲು ದಿನಾ ಮೂರು ಲೀಟರ್ ಅದನ್ನೇ ಕುಡಿದರೆ ಐದು ಗ್ರಾಂ ದಾಟಿ ಸೋಡಿಯಂ, ಅಂದರೆ 13 ಗ್ರಾಂ ಉಪ್ಪು, ಊಟದ ಉಪ್ಪಿನ ಮೇಲೆ ಸೇರುತ್ತದೆ. ಅಷ್ಟು ಬೇಕಾಗಿಲ್ಲ. ಇನ್ನೊಂದು, ನೀರಿನ ಅಳತೆ ತಪ್ಪಿಸುವವರು ತುಂಬಾ ಜನ. 21 ಗ್ರಾಂ ಪ್ಯಾಕೆಟ್ ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯ ಸಣ್ಣ ಪ್ಯಾಕೆಟ್ 200 ಮಿಲಿಲೀಟರಿಗೆ, ಅಂದರೆ ಒಂದು ಲೋಟಕ್ಕೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದು ಕುಡಿದರೆ ಐದು ಪಟ್ಟು ಗಟ್ಟಿಯಾಗುತ್ತದೆ. ದೊಡ್ಡವರು ವಾಂತಿ ಮಾಡಿಕೊಂಡು ಪಾರಾಗಬಹುದು, ಮಗುವಿಗೆ ಹಾಗೆ ಕುಡಿಸಿದರೆ ಜೀವಕ್ಕೇ ಅಪಾಯ. ಕೊಡುವಾಗ ಪ್ರತಿಯೊಬ್ಬರಿಗೂ ನಾನು ಬಾಟಲಿ ತೋರಿಸಿಯೇ ಹೇಳುತ್ತೇನೆ.

ಎಲೆಕ್ಟ್ರೊಲೈಟ್ ಪುಡಿಗಳಲ್ಲಿ ಮಾತ್ರ ಒಂದೊಂದೂ ಒಂದೊಂದು ಥರ. ಮುಂದೆ ದೊಡ್ಡದಾಗಿ ಬರೆದಿರುವುದನ್ನು ಬಿಡಿ, ಹಿಂದೆ ತಿರುಗಿಸಿ ಸೋಡಿಯಂ ಎಷ್ಟು ಮಿಲಿಗ್ರಾಂ, ಎಷ್ಟು ನೀರಿಗೆ ಅಂತ ನೋಡಿ. ಒಂದು ಮಾತ್ರೆಯಲ್ಲಿ 250 ಮಿಲಿಗ್ರಾಂ ಇದ್ದು ಅದನ್ನು 250 ಮಿಲಿಲೀಟರ್ ನೀರಿಗೆ ಹಾಕಿ ಅಂದಿದ್ದರೆ ಲೀಟರಿಗೆ ಸಾವಿರ ಆಯಿತು, ಬೆವರಿಗೆ ಸರಿಸಮ. ಅದೇ 250ರ ಮಾತ್ರೆಯನ್ನು ಒಂದು ಲೀಟರ್ ಬಾಟಲಿಗೆ ಹಾಕಿಕೊಂಡರೆ ಕಾಲು ಭಾಗ ಮಾತ್ರ ಸಿಗುತ್ತದೆ. ಇನ್ನು ಕೆಲವದರಲ್ಲಿ ಲೀಟರಿಗೆ ಇನ್ನೂರು ಮುನ್ನೂರೂ ಬರುವುದಿಲ್ಲ, ವಿಟಮಿನ್ ಸಿ, ಜಿಂಕ್, ಬಣ್ಣ, ಸಿಹಿ ಎಲ್ಲ ಇರುತ್ತವೆ. ಅದು ರುಚಿಯಾದ ನೀರು, ಅಷ್ಟೆ. ಒಳ್ಳೆಯ ಪುಡಿಗಳೂ ಇವೆ, ಪ್ರಯಾಣಕ್ಕೆ ಅನುಕೂಲ ಅಂತ ಒಪ್ಪುತ್ತೇನೆ. ಆದರೆ ಕಾಸು ಕೊಡುವುದು ಸೋಡಿಯಂಗೆ, ಆ ಒಂದು ಸಾಲು ಓದದೆ ತೆಗೆದುಕೊಳ್ಳಬೇಡಿ. ಸಿಹಿ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಅಂಟಿಸಿಕೊಂಡು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆಹಾರ ಪಾನೀಯಗಳು ಆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಆದೇಶ ಹೊರಡಿಸಿತು.

ಇನ್ನು ಮನೆಯ ಲೆಕ್ಕ. ಒಂದು ಲೀಟರ್ ಕುಡಿಯುವ ನೀರು, ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಪುಡಿ ಉಪ್ಪು. ಇದು ಎಲ್ಲರಿಗೂ ಗೊತ್ತಿರುವ ಅಳತೆ. ಇದರಲ್ಲಿ ಸೋಡಿಯಂ ಎಷ್ಟು ಗೊತ್ತಾ? ಅರ್ಧ ಚಮಚ ಪುಡಿ ಉಪ್ಪು ಎರಡೂವರೆಯಿಂದ ಮೂರು ಗ್ರಾಂ ತೂಗುತ್ತದೆ, ಅದರಲ್ಲಿ ಸೋಡಿಯಂ 1000ದಿಂದ 1200 ಮಿಲಿಗ್ರಾಂ. ಸರಿಯಾಗಿ ಬೆವರಿನಷ್ಟೇ! ಭೇದಿಗೆ ಮನೆಯಲ್ಲಿ ಮಾಡಿದ್ದು ಪ್ಯಾಕೆಟ್ಟಿಗಿಂತ ಒಂದು ಮೆಟ್ಟಿಲು ಕೆಳಗೆ, ಯಾಕೆಂದರೆ ಪೊಟ್ಯಾಸಿಯಂ ಇಲ್ಲ, ಸಿಟ್ರೇಟ್ ಇಲ್ಲ, ಅಳತೆಯೂ ಅಷ್ಟು ಕರಾರುವಾಕ್ಕಲ್ಲ. ಬೆವರಿಗೆ ಮಾತ್ರ ಅದೇ ಹೆಚ್ಚು ಹೊಂದುತ್ತದೆ. ಭೇದಿಗೆ ಪ್ಯಾಕೆಟ್, ಬೆವರಿಗೆ ಮನೆಯದು ಅಂತ ನಾನು ಧೈರ್ಯವಾಗಿ ಹೇಳುವುದು ಈ ಕಾರಣಕ್ಕೆ, ಮೆಡಿಕಲ್ ಸ್ಟೋರ್ ಇಟ್ಟುಕೊಂಡೇ ಹೇಳುತ್ತೇನೆ.

ಕೆಡುವುದು ಚಮಚದಲ್ಲಿ. ಒಂದು ಸಲ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿದೆ. ಟೀ ಚಮಚದಲ್ಲಿ ಉಪ್ಪು ತುಂಬಿ ಚಾಕುವಿನ ಬೆನ್ನಿನಿಂದ ಸಮ ಮಾಡಿದಾಗ 6 ಗ್ರಾಂ ಬಂತು. ಅದೇ ಚಮಚದಲ್ಲಿ ಗೋಪುರದ ಹಾಗೆ ತೆಗೆದಾಗ 9 ಗ್ರಾಂ ದಾಟಿತು. ಸಾರು ಬಡಿಸುವ ಚಮಚದ ಲೆಕ್ಕವೇ ಬೇಡ. ಒಂದು ಲೀಟರಿಗೆ 9 ಗ್ರಾಂ ಅಂದರೆ ನಮ್ಮ ರಕ್ತಕ್ಕಿಂತ ಉಪ್ಪಾದ ನೀರು. ಅದು ದಾಹ ಇಂಗಿಸುವ ಬದಲು ಇನ್ನೂ ಜಾಸ್ತಿ ಮಾಡುತ್ತದೆ, ಹೊಟ್ಟೆ ತೊಳಸುತ್ತದೆ. ಸಮ ಮಾಡಿದ ಒಂದು ಚಮಚವನ್ನು ಕಾಗದದ ಮೇಲೆ ಸುರಿದು ಎರಡು ಪಾಲು ಮಾಡಿ, ಒಂದು ಪಾಲು ಹಾಕಿ, ಇನ್ನೊಂದನ್ನು ಡಬ್ಬಕ್ಕೆ ವಾಪಸ್ ಹಾಕಿ. ಕಲ್ಲುಪ್ಪು ಚಮಚದಲ್ಲಿ ಕೂರುವ ರೀತಿಯೇ ಬೇರೆ, ಹರಳಿನ ನಡುವೆ ಜಾಗ ಇರುತ್ತದೆ, ಹಾಗಾಗಿ ಕುಟ್ಟಿ ಪುಡಿ ಮಾಡಿ ಅಳೆಯಿರಿ. ಬಿಪಿ ಇರುವವರಿಗೆ ಅಂತ ಬರುವ ಕಡಿಮೆ ಸೋಡಿಯಂ ಉಪ್ಪು ಇದಕ್ಕೆ ಬೇಡ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತಾರೆ. ಬೆರೆಸಿದ ಮೇಲೆ ಒಂದು ಗುಟುಕು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ನಿಂಬೆಹಣ್ಣು ಹಿಂಡಿದರೆ ಕುಡಿಯಲು ಚೆನ್ನ. ಬೆಲ್ಲ ಹಾಕಿದರೂ ನಡೆಯುತ್ತದೆ. ಬೆಳಗ್ಗೆ ಮಾಡಿದ್ದನ್ನು ಮರುದಿನಕ್ಕೆ ಇಡಬೇಡಿ.

ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವುದರಿಂದ ಊರೂರಲ್ಲಿ ಶುದ್ಧ ನೀರಿನ ಘಟಕಗಳಿವೆ, ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. "ಫಿಲ್ಟರ್ ನೀರಲ್ಲಿ ಸತ್ವ ಇಲ್ಲ, ಅದಕ್ಕೇ ಸುಸ್ತು" ಅನ್ನುತ್ತಾರೆ. ಬೋರ್ ನೀರಲ್ಲಿರುವ ಸೋಡಿಯಂ ಬೆವರಿಗೆ ಹೋಲಿಸಿದರೆ ಯಾವ ಲೆಕ್ಕಕ್ಕೂ ಇಲ್ಲ. ಸುಸ್ತಿಗೆ ಕ್ಯಾನ್ ನೀರು ಕಾರಣ ಅಲ್ಲ, ಉಪ್ಪು ಸೇರಿಸದೆ ಅದನ್ನೇ ಕುಡಿಯುವುದು ಕಾರಣ ಇರಬಹುದು.

ನಮ್ಮ ಸೋದರಮಾವನ ಕಥೆ ಹೇಳಿದರೆ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಊರ ಹೊರಗೆ ಅವರದ್ದು ನಾಲ್ಕೆಕರೆ ಬಾದಾಮಿ, ತೋತಾಪುರಿ ತೋಟ. ಆಳು ಸಿಗದಿದ್ದಾಗ ಅವರೇ ದೋಟಿ ಹಿಡಿಯುತ್ತಾರೆ. ಮೂರು ದಿನ ರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆ ಇಲ್ಲ ಅಂತ ಅಂಗಡಿಗೆ ಬಂದರು. "ನೀರು ಬೇಕಾದಷ್ಟು ಕುಡೀತೀನಪ್ಪಾ, ಆದ್ರೂ ಯಾಕೋ ಹಿಂಗೆ" ಅಂದರು. ನಾನು ತೂಕದ ಯಂತ್ರ ಕೊಟ್ಟು ಕಳಿಸಿದೆ. "ಮಾವ, ನಾಳೆ ತಿಂಡಿ ತಿಂದ ಮೇಲೆ ಏಳಕ್ಕೆ ಒಂದು ಸಲ, ಊಟಕ್ಕೆ ಮುಂಚೆ ಒಂದಕ್ಕೆ ಒಂದು ಸಲ ತೂಕ ನೋಡಿ. ಎರಡು ಸಲವೂ ಬರೀ ಒಣ ಪಂಚೆಯಲ್ಲಿ ನಿಲ್ಲಿ" ಅಂದೆ. ನೆನೆದ ಅಂಗಿಯೇ ಕಾಲು ಕೇಜಿ ತೂಗಿಬಿಡುತ್ತದೆ, ಅದಕ್ಕೆ.

ಬೆಳಗ್ಗೆ 64.2 ಕೇಜಿ, ಮಧ್ಯಾಹ್ನ 62.6. ತೂಕ ಇಳಿದದ್ದು 1.6. ಆ ಆರು ಗಂಟೆಯಲ್ಲಿ ಎರಡು ಲೀಟರ್ ಬರೀ ನೀರು ಕುಡಿದಿದ್ದರು, ಮೂತ್ರಕ್ಕೆ ಹೋದದ್ದು ಒಂದೇ ಸಲ, ಅದನ್ನು ಕಾಲು ಲೀಟರಿಗೂ ಕಡಿಮೆ ಅಂದುಕೊಳ್ಳೋಣ. ಒಂದು ಕೇಜಿ ಅಂದರೆ ಒಂದು ಲೀಟರ್. ಇಳಿದ 1.6ಕ್ಕೆ ಕುಡಿದ 2 ಸೇರಿಸಿ, ಮೂತ್ರದ 0.2 ಕಳೆದರೆ 3.4 ಲೀಟರ್ ಬೆವರು. ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಬೆವರಿನ ಜೊತೆ ಸೋಡಿಯಂ ಸುಮಾರು 3400 ಮಿಲಿಗ್ರಾಂ, ಅಂದರೆ ಎಂಟೂವರೆ ಗ್ರಾಂ ಉಪ್ಪು ಹೋಗಿದೆ, ವಾಪಸ್ ಬಂದದ್ದು ತಿಂಡಿಯಲ್ಲಿದ್ದಷ್ಟು ಮಾತ್ರ. ಬೇಕಾದಷ್ಟು ಕುಡಿಯುತ್ತಿದ್ದೇನೆ ಅಂದುಕೊಂಡಿದ್ದರು, ನೀರೂ ಸಾಲದು, ಉಪ್ಪಂತೂ ಇಲ್ಲವೇ ಇಲ್ಲ.

ಮರುದಿನ ಹೀಗೆ ಮಾಡಿದೆವು. ಮೊದಲ ಒಂದೆರಡು ಗಂಟೆ ಬರೀ ನೀರು, ಒಂದು ಲೀಟರ್. ಆಮೇಲೆ ಮನೆಯಲ್ಲಿ ಬೆರೆಸಿದ್ದು ಎರಡು ಲೀಟರ್, ಬಾಟಲಿ ಎತ್ತಿ ಗಟಗಟ ಅಂತ ಅಲ್ಲ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮುಕ್ಕಾಲು ಲೋಟದಷ್ಟು. ಬೆಳಗ್ಗೆ 64.0 ಇದ್ದದ್ದು ಒಂದಕ್ಕೆ 63.4. ಇಷ್ಟು ಇಳಿದರೆ ಚಿಂತೆಯಿಲ್ಲ, ಊಟದ ಜೊತೆ ಸರಿಹೋಗುತ್ತದೆ. ಎರಡು ಲೀಟರಿನಿಂದ ಸೋಡಿಯಂ ಎರಡು ಗ್ರಾಂ ಚಿಲ್ಲರೆ ಬಂತು, ಉಳಿದದ್ದು ಮುದ್ದೆ, ಸಾರು, ಉಪ್ಪಿನಕಾಯಿಯಲ್ಲಿ ತುಂಬಿತು. ಹೋದದ್ದನ್ನು ಅಲ್ಲಲ್ಲೇ ಚೂರೂ ಬಿಡದೆ ತುಂಬಬೇಕಾಗಿಲ್ಲ, ಊಟವೂ ಒಂದು ಓಆರ್‌ಎಸ್ಸೇ. ಖರ್ಚು? ಎರಡು ಲೀಟರಿಗೆ 50 ಗ್ರಾಂ ಸಕ್ಕರೆ, ಎರಡು ಮೂರು ರೂಪಾಯಿ. ಮೀನಖಂಡ ಹಿಡಿಯುವುದಕ್ಕೆ ಉಪ್ಪು ಒಂದೇ ಕಾರಣ ಅಲ್ಲ, ಏಣಿ ಹತ್ತಿಳಿದ ಆಯಾಸವೂ ಕಾರಣ, ಅದನ್ನು ಮಾವನಿಗೂ ಹೇಳಿದೆ. ಅವರ ತಲೆನೋವು ಮತ್ತು ಮಧ್ಯಾಹ್ನದ ಸುಸ್ತಂತೂ ಕಡಿಮೆಯಾಯಿತು, ಮೂತ್ರದ ಬಣ್ಣ ಟೀ ಡಿಕಾಕ್ಷನ್ ಥರ ಇದ್ದದ್ದು ತಿಳಿಯಾಯಿತು.

ಇದೆಲ್ಲ ಗಂಟೆಗಟ್ಟಲೆ ಬಿಸಿಲಲ್ಲಿ ದುಡಿಯುವವರಿಗೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬೆವರಿದವರಿಗೆ, ಫ್ಯಾನಿನ ಕೆಳಗೆ ಕೂತು ಸೆಕೆ ಅನ್ನುವವರಿಗೆ ಯಾವ ಪುಡಿಯೂ ಬೇಡ. ನೀರು ಕುಡಿದು ಹೊತ್ತಿಗೆ ಸರಿಯಾಗಿ ಉಂಡರೆ ಸಾಕು. ಸುಮ್ನೆ ದಿನಾ ಕುಡಿದರೆ ಉಪ್ಪು ಜಾಸ್ತಿಯಾಗಿ ಬಿಪಿ ಏರುತ್ತದೆ.

ಸಕ್ಕರೆ ಕಾಯಿಲೆ ಇದ್ದು ತೋಟದಲ್ಲಿ ದುಡಿಯುವವರು ಮಜ್ಜಿಗೆಗೆ ಬನ್ನಿ. ಒಂದು ಲೀಟರ್ ನೀರು ಮಜ್ಜಿಗೆಗೆ ಅದೇ ಅರ್ಧ ಚಮಚ ಉಪ್ಪು. ಸೋಡಿಯಂ ಅಷ್ಟೇ ಸಿಗುತ್ತದೆ, ಸಕ್ಕರೆ ಹಾಕುವ ಗೋಜಿಲ್ಲ. ನಮ್ಮ ಹಿರಿಯರು ಹೊಲಕ್ಕೆ ಒಯ್ಯುತ್ತಿದ್ದ ರಾಗಿ ಅಂಬಲಿಯೂ ಇದೇ ಕೆಲಸ ಮಾಡುತ್ತದೆ. ರಾಗಿಯ ಗಂಜಿ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ, ಮಜ್ಜಿಗೆ, ಉಪ್ಪು ಜೊತೆಗಿರುತ್ತವೆ. ಎಳನೀರು ಮಾತ್ರ ಬೇರೆ. ಅದರಲ್ಲಿ ಪೊಟ್ಯಾಸಿಯಂ ತುಂಬಾ, ಸೋಡಿಯಂ ಕಡಿಮೆ. ಕುಡಿಯಲು ಒಳ್ಳೆಯದೇ, ಆದರೆ ಬೆವರಿನ ಉಪ್ಪಿಗೆ ಅದು ಉತ್ತರ ಅಲ್ಲ. ಕಿಡ್ನಿ ತೊಂದರೆ ಇರುವವರು ಎಳನೀರನ್ನೂ ಓಆರ್‌ಎಸ್ಸನ್ನೂ ಡಾಕ್ಟರನ್ನು ಕೇಳದೆ ಕುಡಿಯಬಾರದು, ಪೊಟ್ಯಾಸಿಯಂ ರಕ್ತದಲ್ಲಿ ನಿಂತುಬಿಟ್ಟರೆ ಹೃದಯದ ಬಡಿತವೇ ತಪ್ಪುತ್ತದೆ. ಹೃದಯದ ತೊಂದರೆ ಇರುವವರು, ಮೂತ್ರ ಹೋಗುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೂಡ ಉಪ್ಪಿನ ನೀರು ಶುರುಮಾಡುವ ಮುಂಚೆ ಒಂದು ಸಲ ಕೇಳಿ.

ಕೊನೆಗೆ ಎರಡು ಅಪಾಯ. ಉಪ್ಪಿಲ್ಲದ ನೀರನ್ನೇ ಗಂಟೆಗೆ ಒಂದೂವರೆ ಲೀಟರಿನಂತೆ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳ್ಳಗಾಗುತ್ತದೆ. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತಡವರಿಸುವುದು ಇದರ ಗುರುತು. ನೀರು ಸಾಲದವರ ತೂಕ ಬೆಳಗ್ಗೆಗಿಂತ ಇಳಿದಿರುತ್ತದೆ, ಇವರ ತೂಕ ಏರಿರುತ್ತದೆ. ಇವರಿಗೆ ಇನ್ನಷ್ಟು ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಬಿಸಿಲಿನ ಹೊಡೆತ. ಮೈ ಕಾದ ಹೆಂಚಿನ ಹಾಗಿದೆ, ಮನುಷ್ಯ ಏನೇನೋ ಮಾತಾಡುತ್ತಿದ್ದಾನೆ ಅಥವಾ ಎಚ್ಚರ ತಪ್ಪಿದ್ದಾನೆ ಅಂದರೆ ಯಾವ ಪುಡಿಯೂ, ಯಾವ ನೀರೂ ಬಾಯಿಗೆ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ತೋಟದ ಪೈಪಿನ ನೀರನ್ನೇ ಮೈತುಂಬಾ ಸುರಿದು ಗಾಳಿ ಹಾಕುತ್ತಾ ಇರಿ, ಒಬ್ಬರು 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.